ಬಚ್ಚಲ ಗೋಡೆಗೆ ಟೈಲ್ಸ್ ಎಷ್ಟು? ಸಾಲು ಎಣಿಸಿ ನೋಡಿ

ಟೈಲ್ಸ್ ಅಂಗಡಿಗೆ ಹೋದ ಕೂಡಲೇ ಕೇಳುವ ಪ್ರಶ್ನೆ ಒಂದೇ: ‘ಎಷ್ಟು ಚದರಡಿ ಬೇಕು ಸಾರ್?’ ಮನೆಯವರು ಬಚ್ಚಲಿನ ಉದ್ದ, ಅಗಲ, ಎತ್ತರ ಹೇಳುತ್ತಾರೆ. ಅಂಗಡಿಯವರು ನಾಲ್ಕು ಗೋಡೆಗಳ ವಿಸ್ತೀರ್ಣ ಕೂಡಿಸಿ, ಬಾಗಿಲು ಕಳೆದು, ಐದೋ ಹತ್ತೋ ಪರ್ಸೆಂಟ್ ವೇಸ್ಟೇಜ್ ಸೇರಿಸಿ, ಇಷ್ಟು ಬಾಕ್ಸ್ ಎಂದು ಚೀಟಿ ಬರೆದುಕೊಡುತ್ತಾರೆ. ನೆಲಕ್ಕೆ ಈ ಲೆಕ್ಕ ಬಹುಮಟ್ಟಿಗೆ ಸಾಕು. ಒಂದೇ ಬಣ್ಣ, ಒಂದೇ ಮಟ್ಟ, ನಡುವೆ ಕಿಂಡಿಗಳಿಲ್ಲ.

ಬಚ್ಚಲಿನ ಗೋಡೆ ಹಾಗಲ್ಲ. ಕೆಳಗೆ ಗಾಢ ಬಣ್ಣ, ಮೇಲೆ ತಿಳಿ ಬಣ್ಣ, ನಡುವೆ ಬಾರ್ಡರ್ ಪಟ್ಟಿ. ಒಂದು ಕಡೆ ಬಾಗಿಲು, ಇನ್ನೊಂದು ಕಡೆ ವೆಂಟಿಲೇಟರ್. ಈಗೀಗ ಶಾಂಪೂ, ಸೋಪು ಇಡಲು ಗೋಡೆಯೊಳಗೇ ಒಂದು ಗೂಡು. ಅಂಗಡಿಯವರು ಅದನ್ನು ‘ನಿಶ್’ ಎನ್ನುತ್ತಾರೆ. ಇಂಥ ಗೋಡೆಯಲ್ಲಿ ಚದರಡಿ ಲೆಕ್ಕ ಎಡವುತ್ತದೆ. ಗೋಡೆಗೆ ಹತ್ತುವುದು ಚದರಡಿ ಅಲ್ಲ, ಇಡೀ ಟೈಲ್. ಒಂದು ಟೈಲ್‌ನ ಕಾಲು ಭಾಗ ಸಾಕಾದರೂ ಬಾಕ್ಸ್‌ನಿಂದ ತೆಗೆಯಬೇಕಾದ್ದು ಪೂರ್ತಿ ಒಂದು. ಉಳಿದ ತುಂಡು ಬೇರೆಲ್ಲಾದರೂ ಕೂತರೆ ಉಳಿತಾಯ, ಕೂರದಿದ್ದರೆ ಕಸ. ಆದ್ದರಿಂದ ಗೋಡೆಯನ್ನು ಸಾಲುಸಾಲಾಗಿ, ತುಂಡು ತುಂಡಾಗಿ ಎಣಿಸಬೇಕು. ಒಂದು ಸಾಧಾರಣ ಬಚ್ಚಲನ್ನು ತೆಗೆದುಕೊಂಡು ಹಾಗೆ ಎಣಿಸಿ ನೋಡೋಣ.

ನಮ್ಮ ಬಚ್ಚಲು

ಗಾರೆ ಮುಗಿದ ಮೇಲೆ ಒಳಗಿನ ಅಳತೆ 2400 ಮಿ.ಮೀ. ಉದ್ದ, 1500 ಮಿ.ಮೀ. ಅಗಲ. ಅಂದರೆ ಹೆಚ್ಚುಕಮ್ಮಿ ಎಂಟಡಿಗೆ ಐದಡಿ. ನಮ್ಮ ಊರುಗಳ ಮನೆಗಳಲ್ಲಿ ತೀರಾ ಸಾಮಾನ್ಯವಾದ ಅಳತೆ ಇದು. ಅಡಿ-ಇಂಚು ಬಿಟ್ಟು ಮಿಲಿಮೀಟರ್ ಹಿಡಿಯಲು ಕಾರಣವಿದೆ. ಟೈಲ್‌ಗಳು ತಯಾರಾಗುವುದು ಮಿಲಿಮೀಟರ್‌ನಲ್ಲಿ. ‘ಒಂದಡಿ, ಎರಡಡಿ’ ಎಂದು ಮಾರುವ ಟೈಲ್‌ನ ನಿಜವಾದ ಅಳತೆ 300ಕ್ಕೆ 600 ಮಿ.ಮೀ. ಒಂದಡಿ ಎಂದರೆ 305 ಮಿ.ಮೀ. ಟೈಲ್‌ಗೆ ಐದು ಮಿ.ಮೀ. ವ್ಯತ್ಯಾಸವಾದರೆ ಏಳು ಸಾಲು ಏರುವಷ್ಟರಲ್ಲಿ ಅದು ಒಂದೂವರೆ ಇಂಚಿನ ಹತ್ತಿರ ಬಂದಿರುತ್ತದೆ.

ಈ 300×600 ಟೈಲನ್ನು ಅಡ್ಡಡ್ಡ ಮಲಗಿಸಿ ಹಚ್ಚುತ್ತೇವೆ. ಹಾಗಾಗಿ ಪ್ರತಿ ಸಾಲಿನ ಎತ್ತರ 300. ಟೈಲ್‌ಗಳ ನಡುವೆ 2 ಮಿ.ಮೀ. ಸ್ಪೇಸರ್. ಕೆಳಗೆ ನಾಲ್ಕು ಸಾಲು ಗಾಢ ಬಣ್ಣ, ಅದರ ಮೇಲೆ 75 ಮಿ.ಮೀ. ಅಗಲ, 300 ಉದ್ದದ ಬಾರ್ಡರ್ ತುಂಡುಗಳು, ಅದರ ಮೇಲೆ ತಿಳಿ ಬಣ್ಣ. ಬಾಗಿಲು ಒಂದು ಚಿಕ್ಕ ಗೋಡೆಯಲ್ಲಿದೆ. ಅದರ ಅಗಲ 750, ಎತ್ತರ 2100. ಬಾಗಿಲಿನ ಒಂದು ಪಕ್ಕಕ್ಕೆ 600 ಮಿ.ಮೀ. ಗೋಡೆ, ಇನ್ನೊಂದು ಪಕ್ಕಕ್ಕೆ 150. ಎದುರಿನ ಚಿಕ್ಕ ಗೋಡೆಯ ನಡುವೆ 600 ಅಗಲ, 450 ಎತ್ತರದ ವೆಂಟಿಲೇಟರ್. ಅದರ ಮೇಲ್ತುದಿಯೂ ಬಾಗಿಲಿನ ಮಟ್ಟಕ್ಕೇ ಇದೆ. ಒಂದು ಉದ್ದ ಗೋಡೆಯಲ್ಲಿ, ಶವರ್ ಪಕ್ಕಕ್ಕೆ, ಗೂಡು ಬರಬೇಕು.

ಮನೆಯವರ ಮಾತು ಇಷ್ಟೇ: ‘ಬಾಗಿಲ ಮಟ್ಟಕ್ಕೆ, ಏಳಡಿ ಹಚ್ಚಿಬಿಡಿ ಮೇಸ್ತ್ರಿ.’

ಮೊದಲು ಅಂಗಡಿಯ ಲೆಕ್ಕವನ್ನೇ ಮಾಡೋಣ. ಗಾಢ ಬಣ್ಣದ ಎತ್ತರ 1.2 ಮೀಟರ್. ಬಾಗಿಲು ಬಿಟ್ಟು ಗೋಡೆಗಳ ಒಟ್ಟು ಉದ್ದ 7.05 ಮೀಟರ್. ಗುಣಿಸಿದರೆ 8.46 ಚದರ ಮೀಟರ್. ಒಂದು ಟೈಲ್ 0.18 ಚದರ ಮೀಟರ್, ಹಾಗಾಗಿ 47 ಟೈಲ್. ತಿಳಿ ಬಣ್ಣಕ್ಕೆ ಬಾರ್ಡರ್ ಮೇಲಿಂದ 2100ರವರೆಗೆ ಉಳಿಯುವುದು 825 ಮಿ.ಮೀ. ಅದರಲ್ಲಿ ವೆಂಟಿಲೇಟರ್, ಗೂಡು ಎರಡನ್ನೂ ಕಳೆದರೆ 5.37 ಚದರ ಮೀಟರ್, ಅಂದರೆ 30 ಟೈಲ್. ಹತ್ತು ಪರ್ಸೆಂಟ್ ಸೇರಿಸಿದರೆ ಗಾಢ 52, ತಿಳಿ 33. ಬಾಕ್ಸ್‌ಗೆ ಐದು ಟೈಲ್ ಎಂದು ಹಿಡಿದರೆ 11 ಬಾಕ್ಸ್ ಗಾಢ, 7 ಬಾಕ್ಸ್ ತಿಳಿ. ನೋಡಲು ಧಾರಾಳವಾಗಿಯೇ ಇದೆ. ಇದು ಸಾಲುತ್ತದೋ ಇಲ್ಲವೋ ಎಂಬುದು ಸಾಲು ಎಣಿಸಿದ ಮೇಲೆ ತಿಳಿಯುತ್ತದೆ.

ಎತ್ತರ ಎಲ್ಲಿಂದ ಶುರು?

ಬಚ್ಚಲಿನ ನೆಲ ಸಮತಟ್ಟಾಗಿರುವುದಿಲ್ಲ, ಇರಲೂಬಾರದು. ನೀರು ಜಾಲಿಯ ಕಡೆ ಹರಿಯಬೇಕು. 80ಕ್ಕೆ 1ರ ಇಳಿಜಾರು ಕೊಟ್ಟರೆ 2400 ಮಿ.ಮೀ. ಉದ್ದಕ್ಕೆ ಬಾಗಿಲ ಬಳಿಯ ನೆಲಕ್ಕಿಂತ ಜಾಲಿಯ ಬಳಿಯ ನೆಲ 30 ಮಿ.ಮೀ. ತಗ್ಗಿನಲ್ಲಿರುತ್ತದೆ. ಗೋಡೆಯ ಸಾಲುಗಳು ಮಾತ್ರ ನೀರಿನ ಮಟ್ಟಕ್ಕೇ ಇರಬೇಕು. ಈ ಎರಡರ ಜಗಳ ತೀರುವುದು ಕೆಳಗಿನ ಮೊದಲ ಸಾಲಿನಲ್ಲಿ.

ಆಗಾಗ ಆಗುವ ತಪ್ಪು ಎಂದರೆ ಅಳತೆಯನ್ನು ಬಾಗಿಲ ಬಳಿಯಿಂದ ಶುರುಮಾಡುವುದು. ಅಲ್ಲಿ 300ರ ಪೂರ್ತಿ ಟೈಲ್ ಕೂರುವ ಹಾಗೆ ಮಟ್ಟ ಎಳೆದರೆ, ಜಾಲಿಯ ಮೂಲೆಯಲ್ಲಿ 330 ಮಿ.ಮೀ. ಬೇಕಾಗುತ್ತದೆ. ಟೈಲ್ ಇರುವುದೇ 300. ಉಳಿದ ಸಂದಿಗೆ ಒಂದಿಂಚಿನ ಚೂರುಪಟ್ಟಿ ಹಚ್ಚಬೇಕು, ಇಲ್ಲವೇ ಸಿಮೆಂಟ್ ಮೆತ್ತಬೇಕು. ಇಡೀ ಬಚ್ಚಲಲ್ಲಿ ಅತಿ ಹೆಚ್ಚು ನೀರು ನಿಲ್ಲುವ ಜಾಗವೂ ಅದೇ. ಸರಿಯಾದ ಕ್ರಮ ಇದಕ್ಕೆ ತಿರುಗಾಮುರುಗಾ. ನೆಲದ ಟೈಲ್ ಕೂತ ಮೇಲೆ ಬರುವ ಅತಿ ತಗ್ಗಿನ ಬಿಂದುವಿನಿಂದ 300 ಎಣಿಸಿ ಮಟ್ಟದ ಗೆರೆ ಎಳೆಯಬೇಕು. ಆಗ ಜಾಲಿಯ ಬಳಿ ಪೂರ್ತಿ ಟೈಲ್ ಕೂರುತ್ತದೆ, ಬಾಗಿಲ ಕಡೆ ಹೋದಂತೆ ಕೆಳಅಂಚು ಕತ್ತರಿಸಿ 270ಕ್ಕೆ ಇಳಿಯುತ್ತದೆ. ಕತ್ತರಿಸಿದ ಅಂಚು ನೆಲಕ್ಕೆ ತಾಗುವುದರಿಂದ ಕಣ್ಣಿಗೆ ಬೀಳುವುದಿಲ್ಲ.

ಅನುಭವಿ ಮೇಸ್ತ್ರಿಗಳು ಎರಡನೇ ಸಾಲಿನಿಂದ ಕೆಲಸ ಆರಂಭಿಸಿ, ನೆಲ ಮುಗಿದ ಮೇಲೆ ಕೊನೆಗೆ ಮೊದಲ ಸಾಲು ಹಚ್ಚುವುದು ಇದಕ್ಕಾಗಿಯೇ. ಲೆಕ್ಕದ ದೃಷ್ಟಿಯಿಂದ ನೆನಪಿಡಬೇಕಾದ್ದು ಒಂದೇ. ಮೊದಲ ಸಾಲು ಎಷ್ಟೇ ಕತ್ತರಿಸಿದರೂ ಟೈಲ್ ಎಣಿಕೆ ಕಡಿಮೆಯಾಗುವುದಿಲ್ಲ. ಇಲ್ಲಿಂದ ಮುಂದೆ ಹೇಳುವ ಎಲ್ಲ ಎತ್ತರಗಳೂ ಆ ತಗ್ಗಿನ ಬಿಂದುವಿನಿಂದ ಅಳೆದವು.

ಬಾರ್ಡರ್ ಉಳಿಸುತ್ತದೆ ಎಂಬ ಭ್ರಮೆ

ಬಾರ್ಡರ್ ಇಲ್ಲದೆ ಏಳು ಸಾಲು ಹಚ್ಚಿದರೆ, ಸಂದುಗಳೂ ಸೇರಿ ಎತ್ತರ 2112 ಮಿ.ಮೀ. ಬಾಗಿಲ ಮಟ್ಟಕ್ಕೆ ಸರಿಸುಮಾರು ಸಮ. ಈಗ ನಾಲ್ಕನೇ ಸಾಲಿನ ಮೇಲೆ 75ರ ಬಾರ್ಡರ್ ಬರುತ್ತದೆ. ‘ಅಷ್ಟು ಜಾಗಕ್ಕೆ ಟೈಲ್ ಉಳಿಯಿತಲ್ಲ’ ಎಂದು ಯಾರಿಗಾದರೂ ಅನ್ನಿಸುತ್ತದೆ. ಚದರಡಿ ಲೆಕ್ಕವೂ ಹಾಗೆಯೇ ಹೇಳುತ್ತದೆ. ಬಾರ್ಡರ್ ಆವರಿಸುವ ಜಾಗ ಸುಮಾರು ಮೂರು ಟೈಲ್‌ಗಳಷ್ಟು.

ಗೋಡೆಯ ಮೇಲೆ ಆಗುವುದು ಬೇರೆ. ನಾಲ್ಕು ಗಾಢ ಸಾಲು ಮುಗಿಯುವುದು 1206ಕ್ಕೆ. ಬಾರ್ಡರ್ 1208ರಿಂದ 1283. ಐದನೇ ಸಾಲು 1285ರಿಂದ 1585, ಆರನೇದು 1587ರಿಂದ 1887. ಏಳನೇ ಸಾಲು 1889ಕ್ಕೆ ಶುರುವಾಗುತ್ತದೆ. ಬಾಗಿಲ ಮಟ್ಟಕ್ಕೆ ನಿಲ್ಲಿಸಬೇಕೆಂದರೆ ಅಲ್ಲಿ ಉಳಿದಿರುವ ಜಾಗ 211 ಮಿ.ಮೀ. ಮಾತ್ರ. ಹಾಗಾಗಿ ಏಳನೇ ಸಾಲಿನ ಪ್ರತಿ ಟೈಲನ್ನೂ 300ರಿಂದ 211ಕ್ಕೆ ಸೀಳಬೇಕು. ಸೀಳಿದ ಮೇಲೆ ಉಳಿಯುವ ಪಟ್ಟಿ 89 ಮಿ.ಮೀ. ಅಗಲದ್ದು. ಅಂಥ ಹನ್ನೆರಡು ಪಟ್ಟಿ ಉಳಿದರೂ ಅವನ್ನು ಹಚ್ಚಲು ಜಾಗವಿಲ್ಲ. ಬಾರ್ಡರ್‌ಗೆ ಹಣ ಕೊಟ್ಟದ್ದಾಯಿತು, ಟೈಲ್ ಒಂದೂ ಉಳಿಯಲಿಲ್ಲ.

ಆದ್ದರಿಂದ ಎತ್ತರವನ್ನು ಅಡಿಯಲ್ಲಿ ಹೇಳುವ ಬದಲು ಸಾಲಿನಲ್ಲಿ ಹೇಳುವುದು ಒಳ್ಳೆಯದು. ಇಲ್ಲಿ ಎರಡು ದಾರಿಗಳಿವೆ. ಆರು ಸಾಲಿಗೆ ನಿಲ್ಲಿಸಿದರೆ ಎತ್ತರ 1887, ಅಂದರೆ ಆರಡಿ ಎರಡಿಂಚು. ಹನ್ನೆರಡು ಟೈಲ್ ಉಳಿಯುತ್ತದೆ. ಶವರ್ ಇಲ್ಲದ ಶೌಚಾಲಯಕ್ಕೆ ಇದು ಧಾರಾಳ. ಶವರ್ ಇರುವ ಬಚ್ಚಲಿಗೆ ಸಾಲದು. ಶವರ್‌ನ ಕೊಳವೆ ಗೋಡೆಯಿಂದ ಹೊರಬರುವುದು ಆರೂಮುಕ್ಕಾಲು ಅಡಿಯ ಆಸುಪಾಸಿನಲ್ಲಿ, ಹಾಗಾಗಿ ಅದರ ಸುತ್ತಲಿನ ಬಣ್ಣ ನೆನೆದು ಸಿಪ್ಪೆ ಏಳುತ್ತದೆ. ಎರಡನೇ ದಾರಿ ಏಳನೇ ಸಾಲನ್ನು ಸೀಳದೆ ಪೂರ್ತಿ ಹಚ್ಚುವುದು. ಆಗ ಎತ್ತರ 2189, ಏಳಡಿ ಎರಡಿಂಚು. ಟೈಲ್ ಎಣಿಕೆ ಹೆಚ್ಚುಕಮ್ಮಿ ಅಷ್ಟೇ. ಹನ್ನೆರಡು ಸೀಳುವ ಕೆಲಸ ತಪ್ಪುತ್ತದೆ, ಮೇಲಿನ ಅಂಚು ಕಾರ್ಖಾನೆಯ ನೇರ ಅಂಚಾಗಿಯೇ ಉಳಿಯುತ್ತದೆ. ಹೆಚ್ಚಿಗೆ ಬೇಕಾಗುವುದು ಬಾಗಿಲ ಮೇಲೆ 89 ಮಿ.ಮೀ.ನ ಒಂದು ಪಟ್ಟಿ. ಅದು ಒಂದೇ ಟೈಲ್‌ನಿಂದ ಬರುತ್ತದೆ. ನಾವು ಈ ದಾರಿಯನ್ನೇ ಹಿಡಿಯೋಣ.

ಬಾರ್ಡರ್ ಎಷ್ಟನೇ ಸಾಲಿನ ಮೇಲೆ ಎಂಬುದನ್ನೂ ಸುಮ್ಮನೆ ತೀರ್ಮಾನಿಸುವ ಹಾಗಿಲ್ಲ. ಬಿಸಿನೀರು, ತಣ್ಣೀರು ಬೆರೆಸುವ ಡೈವರ್ಟರ್‌ನ ನಡುಬಿಂದುವನ್ನು ಪ್ಲಂಬರ್‌ಗಳು ಮೂರೂವರೆ ಅಡಿಯ ಸುತ್ತಮುತ್ತ ಇಡುತ್ತಾರೆ. ಅಂದರೆ ಸುಮಾರು 1070 ಮಿ.ಮೀ. ನಮ್ಮ ಲೆಕ್ಕದಲ್ಲಿ ಅದು ನಾಲ್ಕನೇ ಸಾಲಿನೊಳಗೆ ಬೀಳುತ್ತದೆ, ಬಾರ್ಡರ್‌ಗೆ ತಾಗುವುದಿಲ್ಲ. ಡೈವರ್ಟರ್ ಇನ್ನು ಅರ್ಧ ಅಡಿ ಮೇಲಿದ್ದಿದ್ದರೆ ಅದರ ತಟ್ಟೆ ಬಾರ್ಡರ್ ಮೇಲೆಯೇ ಕೂತು, ಕಿರಿದಾದ ತುಂಡಿನಲ್ಲಿ ದೊಡ್ಡ ತೂತು ಕೊರೆಯಬೇಕಾಗುತ್ತಿತ್ತು. ಅಂಥ ತುಂಡು ಸಾಮಾನ್ಯವಾಗಿ ಒಡೆಯುತ್ತದೆ. ಪೈಪ್ ಹಾಕುವ ಮುಂಚೆಯೇ ಸಾಲುಗಳ ಎತ್ತರವನ್ನು ಪ್ಲಂಬರ್‌ಗೆ ತಿಳಿಸಬೇಕು ಎನ್ನುವುದು ಇದಕ್ಕೆ.

ಗೋಡೆ ಗೋಡೆಯಾಗಿ

ಉದ್ದ ಗೋಡೆ ಸುಲಭ. ನಾಲ್ಕು ಟೈಲ್ ಮತ್ತು ಸಂದುಗಳು ಸೇರಿ 2406, ಗೋಡೆ 2400. ಕೊನೆಯ ಟೈಲ್‌ನಿಂದ ಆರು ಮಿ.ಮೀ. ಒರೆಸಿದರೆ ಸಾಕು. ಸಾಲಿಗೆ ನಾಲ್ಕು. ಗಾಢ ಬಣ್ಣ ಎರಡು ಗೋಡೆಗೂ 16ರಂತೆ 32. ತಿಳಿ ಬಣ್ಣ 12ರಂತೆ 24. ಗೂಡಿನ ಲೆಕ್ಕ ಆಮೇಲೆ.

ಗೋಡೆಯ ಉದ್ದವನ್ನು ಒಂದೇ ಕಡೆ ಅಳೆದು ನಂಬಬಾರದು. ಕೆಳಗೆ, ಎದೆಮಟ್ಟಕ್ಕೆ, ಮೇಲೆ, ಹೀಗೆ ಮೂರು ಕಡೆ ಅಳೆದು ದೊಡ್ಡದನ್ನು ಹಿಡಿಯಬೇಕು. ಮೇಲೆ 2400 ಇರುವ ಗೋಡೆ ಕೆಳಗೆ 2415 ಇದ್ದರೆ ನಾಲ್ಕು ಟೈಲ್ ಸಾಲದು. ಮೂಲೆಯಲ್ಲಿ ಬೆರಳಗಲದ ಸಂದಿ ಉಳಿದು, ಅದನ್ನು ತುಂಬಲು ಸಾಲು ಸಾಲಿಗೂ ಹೆಚ್ಚುವರಿ ತುಂಡು ಬೇಕಾಗುತ್ತದೆ.

ವೆಂಟಿಲೇಟರ್ ಇರುವ ಚಿಕ್ಕ ಗೋಡೆ 1500. ಆದರೆ ಉದ್ದ ಗೋಡೆಗಳಿಗೆ ಮೊದಲೇ ಟೈಲ್ ಹಚ್ಚಿರುವುದರಿಂದ ಎರಡೂ ಪಕ್ಕದಲ್ಲಿ ಟೈಲ್ ಮತ್ತು ಅಂಟಿನ ದಪ್ಪ ಸೇರಿ ಸುಮಾರು 13 ಮಿ.ಮೀ.ನಂತೆ ಕಡಿಮೆಯಾಗಿ 1474 ಉಳಿಯುತ್ತದೆ. ಎರಡು ಪೂರ್ತಿ ಟೈಲ್, ಒಂದು 270ರ ತುಂಡು. ಒಂದು ಟೈಲ್‌ನಿಂದ ಇಂಥ ಎರಡು ತುಂಡು ಬರುತ್ತದೆ. ಹಾಗಾಗಿ ಸಾಲಿಗೆ ಎರಡೂವರೆ. ಗಾಢ ನಾಲ್ಕು ಸಾಲಿಗೆ 10. ತಿಳಿ ಮೂರು ಸಾಲಿಗೆ ಏಳೂವರೆ, ಅಂದರೆ 8. ಇಲ್ಲಿ ತುಂಡು ತುಂಡಿಗೆ ಜೊತೆಯಾಯಿತು. ಗೋಡೆ ಇನ್ನು ನಾಲ್ಕಿಂಚು ಅಗಲವಿದ್ದಿದ್ದರೆ ಒಂದು ಟೈಲ್‌ನಿಂದ ಒಂದೇ ತುಂಡು ಬಂದು, ಸಾಲಿಗೆ ಮೂರರಂತೆ ಬೇಕಾಗುತ್ತಿತ್ತು.

ವೆಂಟಿಲೇಟರ್‌ಗೆ ಎಷ್ಟು ಕಳೆಯಬೇಕು? ಅದರ ವಿಸ್ತೀರ್ಣ ಒಂದೂವರೆ ಟೈಲ್. ಆದರೆ ಅದು ಒಂದು ಟೈಲ್‌ನ ಜಾಗದಲ್ಲಿ ನೆಟ್ಟಗೆ ಕೂತಿಲ್ಲ. ಅಡ್ಡಕ್ಕೆ ಎರಡು ಟೈಲ್‌ಗಳ ನಡುವಿನ ಸಂದಿನ ಮೇಲೆ ಬಂದಿದೆ. ಎತ್ತರದಲ್ಲಿ ಆರನೇ ಸಾಲಿನ ಕೆಳಭಾಗ ಸ್ವಲ್ಪ ಉಳಿಸಿ, ಏಳನೇ ಸಾಲಿನ ಮೇಲ್ಭಾಗ ಸ್ವಲ್ಪ ಉಳಿಸಿ ನಿಂತಿದೆ. ಆದ್ದರಿಂದ ನಾಲ್ಕು ಟೈಲ್‌ಗಳನ್ನು ‘ಎಲ್’ ಆಕಾರದಲ್ಲಿ ಕತ್ತರಿಸಬೇಕು. ಕಳೆಯುವುದು ಸೊನ್ನೆ. ಕತ್ತರಿಸಿ ತೆಗೆದ ತುಂಡುಗಳು ವೆಂಟಿಲೇಟರ್‌ನ ಒಳಬದಿಗಳಿಗೆ ಉಪಯೋಗಕ್ಕೆ ಬರುತ್ತವೆ, ಅಷ್ಟೇ ಲಾಭ. ‘ಎಲ್’ ಕಟ್ ಮಾಡುವಾಗ ಒಳಮೂಲೆಯಿಂದಲೇ ಬಿರುಕು ಓಡುತ್ತದೆ. ಆ ಮೂಲೆಯಲ್ಲಿ ಮೊದಲು ಒಂದು ಸಣ್ಣ ತೂತು ಕೊರೆದು, ಆಮೇಲೆ ಎರಡೂ ಕಡೆಯಿಂದ ತೂತಿನವರೆಗೆ ಕತ್ತರಿಸಿದರೆ ಬಿರುಕು ಬಿಡುವುದು ಬಹಳ ಕಡಿಮೆಯಾಗುತ್ತದೆ.

ಬಾಗಿಲ ಗೋಡೆಯಲ್ಲಿ 600ರ ಪಕ್ಕಕ್ಕೆ ಸಾಲಿಗೆ ಒಂದು ಟೈಲ್: ಗಾಢ 4, ತಿಳಿ 3. ಇನ್ನೊಂದು ಪಕ್ಕದ 150ರ ಜಾಗಕ್ಕೆ ಸಾಲಿಗೊಂದು ಕಿರುಪಟ್ಟಿ. ಕಾಗದದ ಮೇಲೆ ಒಂದು ಟೈಲ್‌ನಿಂದ ನಾಲ್ಕು ಪಟ್ಟಿ ಬರುತ್ತದೆ. ಅಷ್ಟು ಕಿರಿದಾಗಿ ಕತ್ತರಿಸುವಾಗ ಒಂದಾದರೂ ಒಡೆಯುವುದರಿಂದ ಮೂರು ಎಂದು ಹಿಡಿಯುವುದೇ ಕ್ಷೇಮ. ಗಾಢ ನಾಲ್ಕು ಪಟ್ಟಿಗೆ 2 ಟೈಲ್, ತಿಳಿ ಮೂರು ಪಟ್ಟಿಗೆ 1. ಬಾಗಿಲ ಮೇಲಿನ ಪಟ್ಟಿಗೆ ತಿಳಿ ಬಣ್ಣದ 1. ಈ ಗೋಡೆಗೆ ಒಟ್ಟು ಗಾಢ 6, ತಿಳಿ 5.

ಗೂಡು: ಕಳೆಯುವುದಲ್ಲ, ಕೂಡಿಸುವುದು

ಗೂಡು ಎಂದರೆ ಗೋಡೆಯಲ್ಲಿ ಒಂದು ಕಿಂಡಿ, ಅಷ್ಟು ಟೈಲ್ ಕಳೆಯಬಹುದು ಎಂದು ತೋರುತ್ತದೆ. ಆದರೆ ಬಾಗಿಲಿನ ಹಾಗೆ ಇದು ತೆರೆದ ಕಿಂಡಿಯಲ್ಲ. ಇದಕ್ಕೆ ಬೆನ್ನಿದೆ, ತಳವಿದೆ, ತಲೆಯಿದೆ, ಎರಡು ಪಕ್ಕೆಗಳಿವೆ. ಎಲ್ಲಕ್ಕೂ ಟೈಲ್ ಬೇಕು.

ಮೊದಲು ಜಾಗ ನೋಡೋಣ. ಗೂಡಿನ ಅಳತೆಯನ್ನು ಒಂದು ಟೈಲ್‌ನ ಅಳತೆಗೇ ಇಟ್ಟು, 600 ಅಗಲ, 300 ಎತ್ತರ ಮಾಡಿ, ಬಾರ್ಡರ್‌ನ ಮೇಲೆ ಐದನೇ ಸಾಲಿನಲ್ಲಿ, ಶವರ್ ಮೂಲೆಯಿಂದ ಎರಡನೇ ಟೈಲ್‌ನ ಜಾಗದಲ್ಲಿ ಕೂರಿಸೋಣ. ಗೂಡಿನ ತಳ ಬಾರ್ಡರ್‌ಗೆ ತಾಗಿಕೊಂಡೇ ಬರುತ್ತದೆ. ಸುತ್ತಲಿನ ಒಂದು ಟೈಲನ್ನೂ ಕತ್ತರಿಸಬೇಕಾಗಿಲ್ಲ. ಬಾರ್ಡರ್ ಎಲ್ಲೂ ತುಂಡಾಗುವುದಿಲ್ಲ.

ಇದೇ ಗೂಡನ್ನು ಅರ್ಧ ಅಡಿ ಕೆಳಗೆ, ಅರ್ಧ ಅಡಿ ಪಕ್ಕಕ್ಕೆ ಸರಿಸಿದರೆ ಏನಾಗುತ್ತದೆ ನೋಡಿ. ಬಾರ್ಡರ್ ಗೂಡಿಗೆ ಬಡಿದು ನಿಂತು ಆ ಕಡೆಯಿಂದ ಮತ್ತೆ ಶುರುವಾಗುತ್ತದೆ. ಗೂಡಿನ ಪಕ್ಕೆ ಅರ್ಧ ಗಾಢ, ಅರ್ಧ ತಿಳಿ ಆಗಬೇಕೋ ಎಂಬ ಪ್ರಶ್ನೆ ಬರುತ್ತದೆ. ನಾಲ್ಕು ಟೈಲ್‌ಗಳ ಮೂಲೆ ಕತ್ತರಿಸಬೇಕು. ಒಂದು ಟೈಲೂ ಉಳಿಯುವುದಿಲ್ಲ, ನಾಲ್ಕು ಒಡೆಯುವ ಅಪಾಯಕ್ಕೆ ಸಿಗುತ್ತವೆ.

ಈಗ ಎಣಿಕೆ. ಮುಖದ ಮೇಲೆ ಉಳಿದದ್ದು 1 ಟೈಲ್. ಬೆನ್ನಿಗೆ ಬೇಕಾದ್ದು 1. ತಳ ಮತ್ತು ತಲೆಗೆ 600 ಉದ್ದದ ಎರಡು ಪಟ್ಟಿ, ಪಕ್ಕೆಗಳಿಗೆ 300 ಉದ್ದದ ಎರಡು. ಒಂದು ಟೈಲನ್ನು ಉದ್ದಕ್ಕೆ ಮೂರಾಗಿ ಸೀಳಿದರೆ, ಬ್ಲೇಡ್ ತಿನ್ನುವುದನ್ನು ಬಿಟ್ಟು, 98 ಮಿ.ಮೀ. ಅಗಲದ ಮೂರು ಪಟ್ಟಿ ಸಿಗುತ್ತದೆ. ಎರಡು ತಳ-ತಲೆಗೆ, ಮೂರನೆಯದನ್ನು ಅರ್ಧ ಮಾಡಿದರೆ ಎರಡು ಪಕ್ಕೆ. ಹೀಗಾಗಿ ಗೂಡಿನ ಆಳವನ್ನು 98 ಮಿ.ಮೀ. ಎಂದು ಇಟ್ಟುಕೊಂಡರೆ ಸರಿಯಾಗಿ ಒಂದು ಟೈಲ್ ಸಾಕು. ‘ಇನ್ನು ಸ್ವಲ್ಪ ಆಳ ಇರಲಿ’ ಎಂದು 120 ಮಾಡಿದರೆ ಒಂದು ಟೈಲ್‌ನಿಂದ ಎರಡೇ ಪಟ್ಟಿ ಬರುತ್ತದೆ, ಇನ್ನೊಂದು ಟೈಲ್ ಒಡೆಯಬೇಕು. ಶಾಂಪೂ ಬಾಟಲಿಗೆ 98 ಧಾರಾಳ.

ಒಟ್ಟಿನಲ್ಲಿ ಗೂಡು ಒಂದು ಟೈಲ್ ಬಿಟ್ಟುಕೊಟ್ಟು ಎರಡು ಕೇಳುತ್ತದೆ. ಅಂಚುಗಳನ್ನು 45 ಡಿಗ್ರಿಗೆ ಉಜ್ಜಿ ಕೂಡಿಸುವುದಾದರೆ ಅಂಚು ಚಕ್ಕೆ ಏಳುವುದು ಸಾಮಾನ್ಯವಾದ್ದರಿಂದ, ಇನ್ನೊಂದನ್ನು ಕೈಯಲ್ಲಿ ಇಟ್ಟುಕೊಳ್ಳಬೇಕು.

ಗೂಡನ್ನು ಟೈಲ್ ಹಚ್ಚುವ ದಿನ ಕೊರೆಯುವುದಲ್ಲ. ಗೋಡೆ ಕಟ್ಟುವಾಗಲೋ ಗಾರೆಗೆ ಮುಂಚೆಯೋ ಬಿಡಬೇಕು. ಗಾರೆ, ಅಂಟು, ಟೈಲ್‌ಗಳ ದಪ್ಪಕ್ಕಾಗಿ ಪ್ರತಿ ಪಕ್ಕಕ್ಕೆ 25 ಮಿ.ಮೀ. ಹೆಚ್ಚು ಬಿಡಬೇಕಾದ್ದರಿಂದ ಇಟ್ಟಿಗೆಯಲ್ಲಿ ಬಿಡುವ ಕಿಂಡಿ 650ಕ್ಕೆ 350. ಆಳ ಸುಮಾರು 110. ನಾಲ್ಕಿಂಚಿನ ಬ್ಲಾಕ್ ಗೋಡೆಯಲ್ಲಿ ಅಷ್ಟು ಆಳ ಸಿಗುವುದೇ ಇಲ್ಲ. ಆರಿಂಚಿನ ಗೋಡೆಯಲ್ಲಿ ಹಿಂದೆ ಉಳಿಯುವುದು ತೀರಾ ತೆಳುವಾದ ಪದರ. ಎಂಟಿಂಚಿನ ಗೋಡೆಯೇ ಸರಿ. ಕಾಂಕ್ರೀಟ್ ಕಂಬ, ತೊಲೆ ಇರುವ ಜಾಗವನ್ನಂತೂ ಮುಟ್ಟಲೇಬಾರದು. ಗೂಡಿನ ಒಳಗೆಲ್ಲ, ಮೂಲೆಗಳೂ ಸೇರಿ, ವಾಟರ್‌ಪ್ರೂಫಿಂಗ್ ಹಚ್ಚಿದ ಮೇಲೆಯೇ ಟೈಲ್. ತಳದ ಪಟ್ಟಿ ಮುಂದಕ್ಕೆ ಮೂರ್ನಾಲ್ಕು ಮಿ.ಮೀ. ವಾಲಿರಬೇಕು, ಇಲ್ಲದಿದ್ದರೆ ಸೋಪಿನ ನೀರು ಅಲ್ಲೇ ನಿಂತು ಸಂದು ಕಪ್ಪಾಗುತ್ತದೆ.

ಇನ್ನೊಂದು ವಿಷಯ. ಐದನೇ ಸಾಲಿನ ಗೂಡು ನಿಂತು ಸ್ನಾನ ಮಾಡುವವರಿಗೆ ಅನುಕೂಲ. ಮನೆಯಲ್ಲಿ ಹಿರಿಯರು ಸ್ಟೂಲ್ ಮೇಲೆ ಕೂತು ಬಕೆಟ್ ನೀರಿನಲ್ಲಿ ಸ್ನಾನ ಮಾಡುತ್ತಾರೆಂದರೆ ಕೈಗೆ ಎಟುಕುವುದು ಮೂರನೇ ಸಾಲು, ಅಂದರೆ ಎರಡರಿಂದ ಮೂರಡಿ ಎತ್ತರ. ಆಗ ಗೂಡಿನ ಲೆಕ್ಕ ಪೂರ್ತಿಯಾಗಿ ಗಾಢ ಬಣ್ಣದ ಖಾತೆಗೆ ಹೋಗುತ್ತದೆ. ಎಣಿಸುವ ರೀತಿ ಬದಲಾಗುವುದಿಲ್ಲ.

ಎಲ್ಲ ಕೂಡಿಸಿದರೆ

ಗಾಢ ಬಣ್ಣ: ಉದ್ದ ಗೋಡೆಗಳಿಗೆ 32, ವೆಂಟಿಲೇಟರ್ ಗೋಡೆಗೆ 10, ಬಾಗಿಲ ಗೋಡೆಗೆ 6. ಒಟ್ಟು 48.

ತಿಳಿ ಬಣ್ಣ: ಉದ್ದ ಗೋಡೆಗಳಿಗೆ 24, ಅದರಲ್ಲಿ ಗೂಡಿನ ಮುಖಕ್ಕೆ 1 ಕಳೆದು 23. ವೆಂಟಿಲೇಟರ್ ಗೋಡೆಗೆ 8, ಬಾಗಿಲ ಗೋಡೆಗೆ 5, ಗೂಡಿನೊಳಗೆ 2. ಒಟ್ಟು 38.

ಬಾರ್ಡರ್: ಉದ್ದ ಗೋಡೆಗಳಿಗೆ ಎಂಟರಂತೆ 16, ವೆಂಟಿಲೇಟರ್ ಗೋಡೆಗೆ 5, ಬಾಗಿಲ ಗೋಡೆಗೆ 2 ಮತ್ತು 1. ಒಟ್ಟು 24 ತುಂಡು. ಬಾರ್ಡರ್ ಬಿಡಿಯಾಗಿ ಸಿಗುತ್ತದೆ. ಎರಡು ಹೆಚ್ಚು ತೆಗೆದುಕೊಂಡರೆ 26.

ಈಗ ಅಂಗಡಿಯ ಚೀಟಿಯ ಜೊತೆ ಹೋಲಿಸಿ. ಗಾಢ ಬಣ್ಣಕ್ಕೆ ವಿಸ್ತೀರ್ಣದ ಲೆಕ್ಕ 47 ಎಂದಿತ್ತು, ಎಣಿಸಿದಾಗ 48. ಬಹುತೇಕ ಒಂದೇ. ಏಕೆಂದರೆ ಆ ನಾಲ್ಕು ಸಾಲುಗಳಲ್ಲಿ ಬಾಗಿಲು ಬಿಟ್ಟರೆ ತೊಡಕೇ ಇಲ್ಲ. ತಿಳಿ ಬಣ್ಣಕ್ಕೆ ಅದು 30 ಎಂದಿತ್ತು, ಎಣಿಸಿದಾಗ 38. ಎಂಟು ಟೈಲ್ ವ್ಯತ್ಯಾಸ. ಸುಮಾರು ಮೂರೂವರೆ ಟೈಲ್ ಬಾರ್ಡರ್‌ನಿಂದ ಮೇಲೆ ತಳ್ಳಲ್ಪಟ್ಟ ಏಳನೇ ಸಾಲಿಗೆ ಹೋಯಿತು. ಒಂದೂವರೆ ವೆಂಟಿಲೇಟರ್‌ಗೆ, ಎರಡು ಗೂಡಿಗೆ, ಒಂದು ಬಾಗಿಲ ಮೇಲಿನ ಪಟ್ಟಿಗೆ. ಹತ್ತು ಪರ್ಸೆಂಟ್ ವೇಸ್ಟೇಜ್ ಸೇರಿಸಿ ಕೊಟ್ಟ 7 ಬಾಕ್ಸ್‌ನಲ್ಲಿ 35 ಟೈಲ್ ಇದೆ. ಒಂದೂ ಒಡೆಯದಿದ್ದರೂ ಮೂರು ಕಡಿಮೆ. ಪರ್ಸೆಂಟ್ ಲೆಕ್ಕ ಎರಡೂ ಬಣ್ಣಕ್ಕೆ ಸಮನಾಗಿ ಹಂಚುತ್ತದೆ. ಗೋಡೆಯ ತೊಡಕುಗಳೆಲ್ಲ ಮೇಲಿನ ಮೂರು ಸಾಲಿನಲ್ಲೇ ಸೇರಿಕೊಂಡಿವೆ.

ಆದ್ದರಿಂದ ತರಬೇಕಾದ್ದು ಎಷ್ಟು? ತಿಳಿ ಬಣ್ಣ 8 ಬಾಕ್ಸ್ ತಂದರೆ 40, ಎರಡೇ ಹೆಚ್ಚು. ನಾಲ್ಕು ‘ಎಲ್’ ಕಟ್, ಶವರ್ ಕೊಳವೆಯ ತೂತು, ಗೂಡಿನ ಅಂಚುಗಳು ಎಲ್ಲ ಇದೇ ಬಣ್ಣದಲ್ಲಿರುವಾಗ ಎರಡು ಸಾಲದು. 9 ಬಾಕ್ಸ್ ಇರಲಿ. ಗಾಢ ಬಣ್ಣ 10 ಬಾಕ್ಸ್‌ನಲ್ಲಿ 50 ಬರುತ್ತದೆ. ನಲ್ಲಿ, ಡೈವರ್ಟರ್, ಕಮೋಡ್‌ನ ನೀರಿನ ತೂತುಗಳೆಲ್ಲ ಗಾಢ ಸಾಲುಗಳಲ್ಲಿ ಬೀಳುವುದರಿಂದ 11 ಬಾಕ್ಸ್ ಸರಿ. ಕತ್ತರಿಸುವ ನಷ್ಟವನ್ನು ನಾವು ಆಗಲೇ ಎಣಿಸಿಬಿಟ್ಟಿದ್ದೇವೆ. ಇದರ ಮೇಲೆ ಮತ್ತೆ ಹತ್ತು ಪರ್ಸೆಂಟ್ ಹಾಕುವ ಅಗತ್ಯವಿಲ್ಲ. ಬಾಕ್ಸ್‌ನಲ್ಲಿ ಎಷ್ಟು ಟೈಲ್ ಎಂಬುದು ತಯಾರಕರಿಂದ ತಯಾರಕರಿಗೆ ಬದಲಾಗುವುದರಿಂದ, ಬಾಕ್ಸ್ ಮೇಲೆ ಓದಿ ಭಾಗಿಸಿ.

ಕಡಿಮೆ ಬಿದ್ದರೆ ಆಗುವುದೇನು?

ಮೂರು ಟೈಲ್ ಕಡಿಮೆ ಬಿದ್ದರೆ ಮೂರು ಟೈಲ್ ತಂದರಾಯಿತು ಎಂದುಕೊಳ್ಳುವುದು ಸಹಜ. ತೊಂದರೆ ಇರುವುದು ಬೆಲೆಯಲ್ಲಲ್ಲ, ಬಣ್ಣದಲ್ಲಿ. ನಮ್ಮ ಅಂಗಡಿಗಳಿಗೆ ಬರುವ ಟೈಲ್‌ಗಳಲ್ಲಿ ಬಹುಪಾಲು ಗುಜರಾತಿನ ಮೊರ್ಬಿಯ ಕಾರ್ಖಾನೆಗಳಿಂದ ಬರುತ್ತವೆ. ಒಂದೇ ವಿನ್ಯಾಸವನ್ನು ಬೇರೆ ಬೇರೆ ಸಲ ಸುಟ್ಟಾಗ ಗೂಡೆಯ ಶಾಖ, ಮಣ್ಣು, ಮೆರುಗಿನ ಮಿಶ್ರಣದ ಸಣ್ಣ ವ್ಯತ್ಯಾಸದಿಂದ ಬಣ್ಣ ತುಸು ಬದಲಾಗುತ್ತದೆ. ಅಳತೆಯೂ ಒಂದೆರಡು ಮಿ.ಮೀ. ಆಚೀಚೆ ಆಗಬಹುದು. ಅದಕ್ಕಾಗಿಯೇ ಬಾಕ್ಸ್ ಮೇಲೆ ಬ್ಯಾಚ್ ಮತ್ತು ಶೇಡ್ ಸಂಖ್ಯೆ ಮುದ್ರಿಸಿರುತ್ತಾರೆ. ಮೂರು ವಾರದ ನಂತರ ಅದೇ ಹೆಸರಿನ, ಬೇರೆ ಶೇಡ್‌ನ ಟೈಲ್ ತಂದು ಹಚ್ಚಿದರೆ ಒಣಗಿದ ಗೋಡೆಯಲ್ಲಿ, ವೆಂಟಿಲೇಟರ್ ಬೆಳಕು ಓರೆಯಾಗಿ ಬಿದ್ದಾಗ ಆ ಮೂರೂ ಎದ್ದು ಕಾಣುತ್ತವೆ. ಬಾರ್ಡರ್ ಇನ್ನೂ ಕಷ್ಟ. ಅದು ಸಣ್ಣ ಪ್ರಮಾಣದಲ್ಲಿ ತಯಾರಾಗುವ ಸರಕು, ಬೇಗ ನಿಂತುಹೋಗುತ್ತದೆ.

ಲಾರಿಯಿಂದ ಇಳಿಸುವಾಗಲೇ ಪ್ರತಿ ಬಾಕ್ಸ್‌ನ ಶೇಡ್ ಸಂಖ್ಯೆ ಓದಿ. ಒಂದೇ ಒಂದು ಬೇರೆಯಿದ್ದರೂ ಆಗಲೇ ವಾಪಸ್ ಕಳಿಸಿ. ಹಚ್ಚಿದ ಮೇಲೆ ಅಂಗಡಿಯವರು ಒಪ್ಪುವುದಿಲ್ಲ. ಅನಿವಾರ್ಯವಾಗಿ ಬೇರೆ ಶೇಡ್ ಬಂದರೆ ಅದನ್ನು ಗೋಡೆಯ ನಡುವೆ ಸೇರಿಸದೆ, ಬಾಗಿಲ ಪಕ್ಕದ ಕಿರುಪಟ್ಟಿಗೋ ಗೂಡಿನ ಒಳಗೋ ಬಳಸಿ. ಅಲ್ಲಿ ಬೆಳಕು ಬೀಳುವ ಕೋನವೇ ಬೇರೆಯಾದ್ದರಿಂದ ವ್ಯತ್ಯಾಸ ಗೊತ್ತಾಗುವುದಿಲ್ಲ.

ಕೆಲಸ ಶುರುವಾಗುವ ಮುಂಚೆ ಸಾಲು ಸರಿಯಿದೆಯೇ ಎಂದು ನೋಡಲು ಒಂದು ನೇರವಾದ ಮರದ ಪಟ್ಟಿ ಸಾಕು. ಅದರ ಮೇಲೆ 300, 302, 602, 604 ಎಂದು ಸಾಲು-ಸಂದುಗಳನ್ನೂ, 1208 ಮತ್ತು 1283ಕ್ಕೆ ಬಾರ್ಡರನ್ನೂ ಗುರುತು ಮಾಡಿ. ತಗ್ಗಿನ ಮೂಲೆಯ ಮಟ್ಟ ಹಿಡಿದು ಆ ಪಟ್ಟಿಯನ್ನು ಬಾಗಿಲ ಬಳಿ, ವೆಂಟಿಲೇಟರ್ ಬಳಿ, ಗೂಡಿನ ಬಳಿ, ಪ್ರತಿ ಪೈಪ್‌ನ ಬಾಯಿಯ ಬಳಿ ನಿಲ್ಲಿಸಿ. ಗೂಡಿನ ಕಿಂಡಿ ಐದನೇ ಸಾಲಿಗೆ ಒಂದಿಂಚು ತಪ್ಪಿದ್ದರೆ ಗಾರೆಯಲ್ಲಿ ಈಗಲೇ ತಿದ್ದಬಹುದು. ಟೈಲ್ ಕೂತ ಮೇಲೆ ಆ ಒಂದಿಂಚಿಗೆ ಸುತ್ತಲಿನ ಟೈಲ್‌ಗಳನ್ನೆಲ್ಲ ಕತ್ತರಿಸಬೇಕು.

ಅಂಗಡಿಗೆ ಹೋಗುವಾಗ ಕೈಯಲ್ಲಿ ಇರಬೇಕಾದ್ದು ನಾಲ್ಕು ಗೋಡೆಗಳ ಒರಟು ಚಿತ್ರ. ಪ್ರತಿ ಗೋಡೆಯ ಮೇಲೆ ಏಳು ಸಾಲು, ಬಾರ್ಡರ್, ಕಿಂಡಿಗಳು, ಪ್ರತಿ ಸಾಲಿಗೆ ಎಷ್ಟು ಟೈಲ್ ಎಂಬ ಅಂಕಿ. ‘149 ಚದರಡಿ’ ಎನ್ನುವ ಬದಲು ‘ಗಾಢ 48, ತಿಳಿ 38, ಬಾರ್ಡರ್ 24, ಬಾಕ್ಸ್‌ಗೆ ಮೇಲಕ್ಕೆ ಸರಿಹೊಂದಿಸಿ, ಎಲ್ಲ ಒಂದೇ ಶೇಡ್’ ಎಂದು ಹೇಳಿ. ಅಂಗಡಿಯವರಿಗೂ ಮೇಸ್ತ್ರಿಗೂ ಒಂದೇ ಚಿತ್ರ ಸಿಕ್ಕಂತಾಯಿತು. ಕೆಲಸ ಮುಗಿದ ಮೇಲೆ ಎರಡೂ ಬಣ್ಣದಲ್ಲಿ ನಾಲ್ಕೈದು ಟೈಲ್ ಉಳಿದರೆ ಹಿಂದಿರುಗಿಸಬೇಡಿ. ಅಟ್ಟದ ಮೇಲೆ ನಿಲ್ಲಿಸಿ ಇಡಿ, ಬಾಕ್ಸ್‌ನ ಶೇಡ್ ಚೀಟಿ ಹರಿದು ಅದರ ಜೊತೆಗೇ ಅಂಟಿಸಿ. ಮುಂದೊಮ್ಮೆ ಗೋಡೆಯೊಳಗಿನ ಪೈಪ್ ಸೋರಿ ಎರಡು ಟೈಲ್ ಒಡೆಯಬೇಕಾಗಿ ಬಂದಾಗ, ಆ ವಿನ್ಯಾಸ ಮಾರುಕಟ್ಟೆಯಲ್ಲಿ ಇರುವುದು ಅನುಮಾನ.